ಡ್ಯಾಶ್‌ಕ್ಯಾಮ್ ಯಾಕೆ ನಡುದಾರಿಯಲ್ಲಿ ನಿಲ್ಲುತ್ತದೆ?

ಕಾರಿನ ಮುಂದಿನ ಗಾಜಿಗೆ ಅಂಟಿಸಿದ ಡ್ಯಾಶ್‌ಕ್ಯಾಮ್ ಕೆಡುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಒಂದು, ಓಡುತ್ತಿರುವಾಗಲೇ ಅದು ಆರಿ ಮತ್ತೆ ತಾನಾಗಿ ಹೊತ್ತಿಕೊಳ್ಳುತ್ತದೆ. ಸ್ಟಾರ್ಟ್ ಆಗುವಾಗಿನ ಸದ್ದು ಪ್ರಯಾಣದ ಉದ್ದಕ್ಕೂ ಕೇಳುತ್ತಿರುತ್ತದೆ. ಇನ್ನೊಂದು, ಪರದೆಯಲ್ಲಿ ದೃಶ್ಯ ಕಾಣುತ್ತಲೇ ಇದ್ದರೂ ರೆಕಾರ್ಡಿಂಗ್ ಸೂಚಿಸುವ ಕೆಂಪು ಚುಕ್ಕೆ ನಿಂತುಹೋಗಿರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಗೊತ್ತಾಗುವುದೇ ಯಾವುದೋ ಡಿಕ್ಕಿಯ ನಂತರ ದೃಶ್ಯ ಹುಡುಕಲು ಹೋದಾಗ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕ್ಯಾಮೆರಾವನ್ನೇ ಬೈದು ಹೊಸದನ್ನು ಕೊಳ್ಳುತ್ತಾರೆ. ಆದರೆ ಬಹಳಷ್ಟು ಸಲ ತಪ್ಪು ಕ್ಯಾಮೆರಾದ ಹೊರಗಿರುತ್ತದೆ: ಅದಕ್ಕೆ ಕರೆಂಟು ತರುವ ಚಾರ್ಜರ್ ಮತ್ತು ವೈರಿನಲ್ಲಿ, ಅದು ಕುಳಿತ ಜಾಗದ ಬಿಸಿಲಿನಲ್ಲಿ, ಇಲ್ಲವೇ ಅದರೊಳಗಿನ ಮೆಮೊರಿ ಕಾರ್ಡಿನಲ್ಲಿ.

ಮೂರನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಕ್ಯಾಮೆರಾ ಕೆಲಸ ಮಾಡುವ ಕ್ರಮ ಮೊದಲು ತಿಳಿದಿರಬೇಕು, ಅಷ್ಟೆ. ಡ್ಯಾಶ್‌ಕ್ಯಾಮ್ ಇಡೀ ಪ್ರಯಾಣವನ್ನು ಒಂದೇ ಕಡತವಾಗಿ ಉಳಿಸುವುದಿಲ್ಲ. ಒಂದು, ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ಬರೆಯುತ್ತ ಹೋಗುತ್ತದೆ. ಕಾರ್ಡ್ ತುಂಬಿದಾಗ ಅತಿ ಹಳೆಯ ತುಂಡನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಇದಕ್ಕೆ ಲೂಪ್ ರೆಕಾರ್ಡಿಂಗ್ ಎನ್ನುತ್ತಾರೆ. ಡಿಕ್ಕಿಯಂಥ ಕುಲುಕಾಟ ಕಂಡರೆ ಒಳಗಿನ ಜಿ-ಸೆನ್ಸರ್ ಆ ತುಂಡಿಗೆ ಬೀಗ ಹಾಕಿ, ಅಳಿಸದಂತೆ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ಇಗ್ನಿಷನ್ ಆಫ್ ಆಗಿ ಹೊರಗಿನ ಕರೆಂಟು ನಿಂತಾಗ, ಕ್ಯಾಮೆರಾದೊಳಗಿನ ಪುಟ್ಟ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಕೆಲವು ಸೆಕೆಂಡುಗಳ ಕಾಲ ಅದನ್ನು ಎಚ್ಚರವಾಗಿಡುತ್ತದೆ; ಅಷ್ಟರಲ್ಲಿ ಕೊನೆಯ ತುಂಡನ್ನು ಸರಿಯಾಗಿ ಮುಚ್ಚಿ ಕ್ಯಾಮೆರಾ ಆರುತ್ತದೆ.

ಈ ಮುಚ್ಚುವ ಕೆಲಸಕ್ಕೆ ಮಹತ್ವವಿದೆ. ಎಂಪಿ4 ಬಗೆಯ ವಿಡಿಯೊದಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಆ ಸೂಚಿ ಬರೆಯುವ ಮೊದಲೇ ಕರೆಂಟು ಹೋದರೆ ದೃಶ್ಯಗಳೆಲ್ಲ ಕಾರ್ಡಿನಲ್ಲಿ ಇದ್ದರೂ ಕಡತ ತೆರೆಯುವುದಿಲ್ಲ. ದೊಡ್ಡ ಅಪಘಾತದಲ್ಲಿ ಕಾರಿನ ಬ್ಯಾಟರಿಯ ಸಂಪರ್ಕವೇ ಕಡಿದುಹೋಗಬಹುದು. ಆಗ ಒಳಗಿನ ಬ್ಯಾಟರಿ ಸತ್ತಿದ್ದರೆ, ಬೇಕಾದ ಆ ಒಂದು ತುಂಡೇ ಕೈತಪ್ಪುತ್ತದೆ.

ತಪ್ಪು ಎಲ್ಲಿದೆ ಎಂದು ಪತ್ತೆ ಹಚ್ಚಲು ಮೊದಲು ನೋಡಬೇಕಾದ್ದು ಈ ತುಂಡುಗಳ ಪಟ್ಟಿಯನ್ನೇ. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ, ಕಡತಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕ್ಯಾಮೆರಾ ಸರಿಯಿದ್ದರೆ ಎಲ್ಲ ಕಡತಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಒಂದು ಮುಗಿದ ಸೆಕೆಂಡಿಗೇ ಇನ್ನೊಂದು ಶುರುವಾಗಿರುತ್ತದೆ. ನಡುನಡುವೆ ಇಪ್ಪತ್ತು ಸೆಕೆಂಡು, ಐವತ್ತು ಸೆಕೆಂಡಿನ ಕುಳ್ಳ ಕಡತಗಳು ಬಂದು, ಪ್ರತಿಯೊಂದರ ನಂತರ ಅರ್ಧ ನಿಮಿಷದಷ್ಟು ಖಾಲಿ ಇದ್ದರೆ ಕರೆಂಟು ಕಡಿಯುತ್ತಿದೆ ಎಂದರ್ಥ. ಕಡತಗಳೆಲ್ಲ ಪೂರ್ತಿಯಾಗಿದ್ದು, ಮಧ್ಯಾಹ್ನದ ಒಂದು ಹೊತ್ತಿನಿಂದ ಮುಂದೆ ಏನೂ ಇಲ್ಲದಿದ್ದರೆ ಬಿಸಿಯನ್ನು ಅನುಮಾನಿಸಬೇಕು. ಕಡತಗಳ ನಡುವೆ ಎಲ್ಲೆಲ್ಲೋ ರಂಧ್ರಗಳಿದ್ದು, ಕೆಲವು ಕಡತ ತೆರೆಯದೆ, ಕೆಲವು ಶೂನ್ಯ ಗಾತ್ರ ತೋರಿಸಿದರೆ ಕಾರ್ಡ್ ಸೋತಿದೆ. ಈ ಗುರುತುಗಳು ನೂರಕ್ಕೆ ನೂರು ಖಚಿತವಲ್ಲ. ಒಂದರ ವೇಷದಲ್ಲಿ ಇನ್ನೊಂದು ಬರುವುದುಂಟು. ಆದರೂ ಯಾವ ಕಡೆಯಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಇವು ಹೇಳುತ್ತವೆ.

ಕರೆಂಟಿನ ವಿಷಯ ಮೊದಲು. ಹೊರಗಿನ ಕರೆಂಟು ನಿಂತಿತೆಂದರೆ ಇಗ್ನಿಷನ್ ಆಫ್ ಆಯಿತು ಎಂದೇ ಕ್ಯಾಮೆರಾ ತಿಳಿಯುತ್ತದೆ. ಬಂದಿತೆಂದರೆ ಕಾರು ಸ್ಟಾರ್ಟ್ ಆಯಿತು ಎಂದು. ಆದ್ದರಿಂದ ಪ್ಲಗ್ಗು ಒಂದು ಕ್ಷಣ ಅಲುಗಾಡಿದರೂ ಅದು ಕಡತ ಮುಚ್ಚಿ, ಆರಿ, ಮತ್ತೆ ಮೊದಲಿನಿಂದ ಹೊತ್ತಿಕೊಳ್ಳಲು ಹೊರಡುತ್ತದೆ. ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಸಿಗರೇಟ್ ಲೈಟರ್ ಸಾಕೆಟ್ಟು ಮೂಲತಃ ಲೈಟರ್ ಕಾಯಿಸಲೆಂದು ಬಂದದ್ದು. ಅದರಲ್ಲಿ ಪ್ಲಗ್ಗನ್ನು ಹಿಡಿದಿಡುವುದು ತುದಿಯ ಸ್ಪ್ರಿಂಗು ಮತ್ತು ಪಕ್ಕದ ಎರಡು ಪತ್ತಿಗಳು ಮಾತ್ರ. ಗುಂಡಿ ಬಿದ್ದ ರಸ್ತೆಯಲ್ಲಿ ಪ್ಲಗ್ಗು ಹಿಂದಕ್ಕೆ ಸರಿಯುತ್ತದೆ, ತುದಿಯಲ್ಲಿ ಕಿಡಿ ಹಾರಿ ಕಪ್ಪು ಕಟ್ಟುತ್ತದೆ, ಸಂಪರ್ಕ ಇನ್ನಷ್ಟು ಕೆಡುತ್ತದೆ. ಪ್ಲಗ್ಗು ತೆಗೆದು ನೋಡಿದಾಗ ತುದಿ ಕಪ್ಪಾಗಿದ್ದರೆ, ಮುಟ್ಟಿದಾಗ ವಿಪರೀತ ಬಿಸಿಯಿದ್ದರೆ, ಅಥವಾ ಒಂದು ಸಾಕೆಟ್ಟನ್ನು ಮೂರು ಮಾಡುವ ಸ್ಪ್ಲಿಟರ್ ನಡುವೆ ಇದ್ದರೆ ಮೊದಲ ಅಪರಾಧಿ ಸಿಕ್ಕಿದಂತೆ.

ಎರಡನೆಯದು ಕಣ್ಣಿಗೆ ಕಾಣದ ತೊಂದರೆ, ವೈರಿನಲ್ಲಿ ವೋಲ್ಟೇಜು ಸೋರಿಹೋಗುವುದು. ಇಂಜಿನ್ ಓಡುವಾಗ ಕಾರಿನ ವಿದ್ಯುತ್ ಸಾಲಿನಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರುತ್ತದೆ. ಚಾರ್ಜರ್ ಅದನ್ನು 5 ವೋಲ್ಟಿಗೆ ಇಳಿಸಿ ಕೊಡುತ್ತದೆ. ಅಲ್ಲಿಂದ ಕ್ಯಾಮೆರಾಕ್ಕೆ ಬಾಗಿಲಿನ ಅಂಚು, ಚಾವಣಿಯ ಬಟ್ಟೆಯೊಳಗಿಂದ ಹಾದು ಹೋಗುವ ವೈರು ಸುಮಾರು ಮೂರೂವರೆ ಮೀಟರ್. ಕರೆಂಟು ಹೋಗಿ ಬರಬೇಕಾದ್ದರಿಂದ ತಾಮ್ರದ ದಾರಿ ಒಟ್ಟು ಏಳು ಮೀಟರ್ ಆಯಿತು. ಅಗ್ಗದ ಡೇಟಾ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಇರುವ 28 ಗೇಜಿನ ತಂತಿಯ ದಪ್ಪ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಏಳು ಮೀಟರಿಗೆ ಅದರ ತಡೆ ಹತ್ತಿರಹತ್ತಿರ ಒಂದೂವರೆ ಓಮ್. ಕ್ಯಾಮೆರಾ 0.7 ಆಂಪಿಯರ್ ಎಳೆದರೆ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. 5 ವೋಲ್ಟ್ ಹೊರಟದ್ದು 4 ವೋಲ್ಟ್ ಮುಟ್ಟಿತು. ಕ್ಯಾಮೆರಾ ಸರಿಯಾಗಿ ನಡೆಯಲು ಅದು ಸಾಲದು. ಅದೇ ಉದ್ದಕ್ಕೆ ದಪ್ಪ ಎರಡರಷ್ಟಿರುವ 22 ಗೇಜಿನ ತಂತಿ ಹಾಕಿದರೆ ನಷ್ಟ ಕಾಲು ವೋಲ್ಟ್ ಮಾತ್ರ. ಕ್ಯಾಮೆರಾದ ಜೊತೆ ಬಂದ ವೈರು ಮೊಬೈಲಿನ ವೈರಿಗಿಂತ ದಪ್ಪವಾಗಿರುವುದಕ್ಕೆ ಕಾರಣ ಇದು. ಅದು ತುಂಡಾದಾಗ ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಉದ್ದ ಕೇಬಲ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಬೇರೇನನ್ನೂ ಹುಡುಕುವ ಅಗತ್ಯವಿಲ್ಲ.

ಇದನ್ನು ಅಳೆಯಲು ಯುಎಸ್‌ಬಿ ಟೆಸ್ಟರ್ ಎಂಬ ಬೆರಳುದ್ದದ ಉಪಕರಣ ಸಿಗುತ್ತದೆ. ಅದನ್ನು ಚಾರ್ಜರಿನ ತುದಿಯಲ್ಲಲ್ಲ, ಕ್ಯಾಮೆರಾದ ತುದಿಯಲ್ಲಿ, ಕ್ಯಾಮೆರಾ ರೆಕಾರ್ಡ್ ಮಾಡುತ್ತಿರುವಾಗಲೇ ಜೋಡಿಸಿ ನೋಡಬೇಕು. ಭಾರವಿಲ್ಲದಾಗ ಎಂಥ ಕೆಟ್ಟ ಚಾರ್ಜರ್ ಕೂಡ 5 ವೋಲ್ಟ್ ತೋರಿಸುತ್ತದೆ. ಓಡುವಾಗ 4.7ರ ಆಸುಪಾಸಿನಲ್ಲಿ ನಿಂತಿದ್ದರೆ ಚಿಂತೆಯಿಲ್ಲ. 4.5ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ವೈರು ಅಥವಾ ಚಾರ್ಜರ್ ಬದಲಿಸಬೇಕು.

ಕಾರಿನ ಮ್ಯೂಸಿಕ್ ಸಿಸ್ಟಮ್ಮಿನ ಯುಎಸ್‌ಬಿ ಕಿಂಡಿಗೆ ಕ್ಯಾಮೆರಾ ಜೋಡಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಅಂಥ ಕಿಂಡಿಗಳಲ್ಲಿ ಹಲವು ಹಾಡು ಕೇಳಿಸುವುದಕ್ಕೆಂದು ಇರುವಂಥವು. ಹಳೆಯ ಯುಎಸ್‌ಬಿ ನಿಯಮದಂತೆ ಅರ್ಧ ಆಂಪಿಯರ್ ಕೊಡುವ ಹೊಣೆ ಮಾತ್ರ ಅವುಗಳದ್ದು. ಅಲ್ಲದೆ ಕ್ಯಾಮೆರಾ ತನ್ನನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ ಎಂದು ತಿಳಿದು ರೆಕಾರ್ಡಿಂಗ್ ಬಿಟ್ಟು ಪೆನ್‌ಡ್ರೈವಿನಂತೆ ವರ್ತಿಸಲೂಬಹುದು. ಲಾರಿ, ಬಸ್ಸುಗಳ ಮಾತು ಬೇರೆ. ಅಲ್ಲಿ 24 ವೋಲ್ಟಿನ ವ್ಯವಸ್ಥೆ ಇರುವುದರಿಂದ ಚಾರ್ಜರಿನ ಮೇಲೆ 12–24 ವೋಲ್ಟ್ ಎಂದು ಬರೆದಿರಲೇಬೇಕು.

ಸಿಗ್ನಲ್ಲಿನಲ್ಲಿ ತಾನಾಗಿ ಇಂಜಿನ್ ಆರಿ, ಕ್ಲಚ್ ಒತ್ತಿದಾಗ ಮತ್ತೆ ಹೊತ್ತಿಕೊಳ್ಳುವ ಕಾರುಗಳಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಸ್ಟಾರ್ಟರ್ ಮೋಟಾರ್ ತಿರುಗುವ ಆ ಕ್ಷಣದಲ್ಲಿ ಕಾರಿನ ವೋಲ್ಟೇಜು 10ಕ್ಕೋ ಅದಕ್ಕೂ ಕೆಳಕ್ಕೋ ಕುಸಿಯುತ್ತದೆ. ಒಳ್ಳೆಯ ಚಾರ್ಜರ್ ಅದನ್ನು ತಡೆದುಕೊಂಡು 5 ವೋಲ್ಟ್ ಕೊಡುತ್ತಲೇ ಇರುತ್ತದೆ, ಕಳಪೆಯದು ಕೈಬಿಡುತ್ತದೆ. ಪ್ರತಿ ಸಿಗ್ನಲ್ ಹಸಿರಾದಾಗಲೂ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿದ್ದರೆ ಕಾರಣ ಇಲ್ಲಿದೆ. ಕಾರಿನ ಬ್ಯಾಟರಿ ಹಳೆಯದಾದಷ್ಟೂ ಈ ಕುಸಿತ ಆಳವಾಗುವುದರಿಂದ, ಕೆಲವೊಮ್ಮೆ ಕ್ಯಾಮೆರಾದ ಈ ವರ್ತನೆಯೇ ಕಾರಿನ ಬ್ಯಾಟರಿ ಬದಲಿಸುವ ಕಾಲ ಬಂದಿತೆಂಬ ಮುನ್ಸೂಚನೆಯೂ ಆಗುತ್ತದೆ. ಕಾರು ನಿಂತಾಗಲೂ ರೆಕಾರ್ಡ್ ಆಗಲೆಂದು ಫ್ಯೂಸ್ ಪೆಟ್ಟಿಗೆಯಿಂದ ನೇರ ವೈರು ಎಳೆಸಿದವರು ಆ ಕಿಟ್ಟಿನ ಕಡಿತದ ಮಟ್ಟವನ್ನು ನೋಡಿಕೊಳ್ಳಬೇಕು. 12.4 ವೋಲ್ಟಿಗೇ ಕಡಿಯುವಂತೆ ಇಟ್ಟಿದ್ದರೆ ಸ್ವಲ್ಪ ಸೊರಗಿದ ಬ್ಯಾಟರಿಯುಳ್ಳ ಕಾರಿನಲ್ಲಿ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಕ್ಯಾಮೆರಾ ಆರುತ್ತದೆ. ಅದು ಕೆಟ್ಟಿಲ್ಲ, ಹೇಳಿದ ಹಾಗೆ ನಡೆದುಕೊಂಡಿದೆ.

ಇನ್ನು ಬಿಸಿ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೇಸಿಗೆಯ ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿದ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಡ್ಯಾಶ್‌ಬೋರ್ಡಿನ ಮೇಲ್ಮೈ ಮುಟ್ಟಿದ್ದು 69 ಡಿಗ್ರಿ. ನೆರಳಿನಲ್ಲಿ ನಿಲ್ಲಿಸಿದ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ 48 ಡಿಗ್ರಿಯಲ್ಲೇ ಉಳಿದಿತ್ತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬಯಲಿನಲ್ಲಿ ನಿಂತ ಕಾರಿನ ಸ್ಥಿತಿ ಇದಕ್ಕಿಂತ ಬಹಳ ಬೇರೆ ಇರಲಾರದು. ಡ್ಯಾಶ್‌ಕ್ಯಾಮುಗಳನ್ನು ಸಾಮಾನ್ಯವಾಗಿ 60 ಅಥವಾ 65 ಡಿಗ್ರಿಯವರೆಗೆ ನಡೆಯುವಂತೆ ಮಾಡಿರುತ್ತಾರೆ. ಗಾಜಿಗೆ ಅಂಟಿಕೊಂಡು ನೇರ ಬಿಸಿಲು ಕುಡಿಯುವ ಕ್ಯಾಮೆರಾ, ಮೇಲಾಗಿ ತನ್ನೊಳಗಿನ ಚಿಪ್ಪಿನ ಬಿಸಿಯನ್ನೂ ಹೊರಹಾಕಬೇಕು. ಫ್ಯಾನಿಲ್ಲದ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗೆ ಅದು ಸುಲಭವಲ್ಲ. ಮಿತಿ ಮೀರಿದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ಆರಿಬಿಡುತ್ತದೆ. ಕೆಲವು ಮಾದರಿಗಳು ಬಿಸಿ ಹೆಚ್ಚಾಯಿತೆಂದು ಹೇಳುತ್ತವೆ, ಹಲವು ಏನೂ ಹೇಳದೆ ನಿಲ್ಲುತ್ತವೆ.

ಬಿಸಿಯಿಂದ ಮೊದಲು ಸಾಯುವುದು ಒಳಗಿನ ಲಿಥಿಯಂ ಬ್ಯಾಟರಿ. ಅಂಥ ಬ್ಯಾಟರಿಯನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದೆಂಬುದು ಸಾಮಾನ್ಯ ನಿಯಮ. ಆದರೆ ಬಿಸಿಲಲ್ಲಿ ಕಾದ ಕಾರನ್ನು ಸ್ಟಾರ್ಟ್ ಮಾಡಿದಾಗಲೆಲ್ಲ ಕ್ಯಾಮೆರಾ ಮಾಡುವುದು ಅದನ್ನೇ. ಒಂದೆರಡು ಬೇಸಿಗೆಯಲ್ಲಿ ಬ್ಯಾಟರಿ ಉಬ್ಬುತ್ತದೆ. ಪರದೆಯ ಅಂಚು ಮೇಲೇಳುತ್ತದೆ, ಡಬ್ಬಿಯ ಜೋಡಣೆ ಬಿರಿಯುತ್ತದೆ, ಗುಂಡಿಗಳು ಒತ್ತಿದರೂ ಒತ್ತಿದಂತಾಗುವುದಿಲ್ಲ. ಇದಕ್ಕೂ ಮೊದಲೇ ಕಾಣುವ ಲಕ್ಷಣವೆಂದರೆ ತಾರೀಖು ಮತ್ತು ಸಮಯ ಹಳೆಯ ಯಾವುದೋ ವರ್ಷಕ್ಕೆ ಹಿಂದಿರುಗುವುದು. ಜಿಪಿಎಸ್ ಇಲ್ಲದ ಮಾದರಿಗಳಲ್ಲಿ ಗಡಿಯಾರವನ್ನು ನಡೆಸುವುದೂ ಆ ಬ್ಯಾಟರಿಯೇ. ಪೊಲೀಸರಿಗೋ ವಿಮಾ ಕಂಪನಿಗೋ ಒಪ್ಪಿಸುವ ದೃಶ್ಯದ ಮೇಲೆ ತಪ್ಪು ತಾರೀಖು ಇದ್ದರೆ ಎದುರಿನವರು ಮೊದಲು ಎತ್ತುವ ಆಕ್ಷೇಪಣೆ ಅದೇ ಆಗಿರುತ್ತದೆ. ಉಬ್ಬಿದ ಬ್ಯಾಟರಿಯುಳ್ಳ ಕ್ಯಾಮೆರಾವನ್ನು ಕಾರಿನಲ್ಲಿ ಬಿಡಬಾರದು. ಚುಚ್ಚಿದರೆ, ಒತ್ತಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಸೂಪರ್ ಕೆಪಾಸಿಟರ್ ಇರುವ ಮಾದರಿಗಳು ಬಿಸಿಯನ್ನು ಹೆಚ್ಚು ಚೆನ್ನಾಗಿ ತಾಳುತ್ತವೆ. ಉತ್ತರ ಕರ್ನಾಟಕದಂಥ ಕಡೆ ಹೊಸದಾಗಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಮೆಗಾಪಿಕ್ಸೆಲ್ ಎಂದಲ್ಲ, ಒಳಗೆ ಬ್ಯಾಟರಿ ಇದೆಯೋ ಕೆಪಾಸಿಟರೋ ಎಂದು.

ಬಿಸಿ ಮತ್ತು ಕರೆಂಟು ಒಂದರ ವೇಷವನ್ನು ಇನ್ನೊಂದು ಹಾಕುವುದು ಇಲ್ಲಿಯೇ. ತೆಳು ವೈರಿನಿಂದ ಸಾಕಷ್ಟು ಕರೆಂಟು ಬಾರದಿದ್ದಾಗ ಬ್ಯಾಟರಿಯುಳ್ಳ ಕ್ಯಾಮೆರಾ ಕೂಡಲೇ ಆರುವುದಿಲ್ಲ. ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತ ಹೋಗಿ, ಅರ್ಧ ಗಂಟೆ, ಮುಕ್ಕಾಲು ಗಂಟೆಯ ನಂತರ ಖಾಲಿಯಾಗುತ್ತದೆ. ಆಗ ಕ್ಯಾಮೆರಾ ನಿಲ್ಲುತ್ತದೆ. ನೋಡುವವರಿಗೆ ಅದು ಕಾದು ನಿಂತಂತೆಯೇ ಕಾಣುತ್ತದೆ. ಬೇರ್ಪಡಿಸುವ ದಾರಿ ಸರಳವಾಗಿದೆ. ಅದೇ ವೈರು, ಅದೇ ಕಾರ್ಡಿನೊಂದಿಗೆ ಸೂರ್ಯ ಮುಳುಗಿದ ಮೇಲೆ ಒಂದು ಗಂಟೆ ಓಡಿಸಿ ನೋಡಬೇಕು. ರಾತ್ರಿಯೂ ನಿಂತರೆ ಬಿಸಿ ನಿರಪರಾಧಿ. ರಾತ್ರಿಯೆಲ್ಲ ಸರಿಯಾಗಿ ನಡೆದು, ಮರುದಿನ ಬಿಸಿಲಿಗೆ ನಿಂತರೆ ಬಿಸಿಯೇ ಕಾರಣ.

ಬಿಸಿಗೆ ಮಾಡಬಹುದಾದ ಪರಿಹಾರ ಹೆಚ್ಚೇನೂ ಇಲ್ಲ, ಆದರೆ ಇರುವುದು ಕೆಲಸ ಮಾಡುತ್ತದೆ. ಕ್ಯಾಮೆರಾವನ್ನು ಡ್ಯಾಶ್‌ಬೋರ್ಡಿನ ಮೇಲಿಂದ ತೆಗೆದು ಒಳಗನ್ನಡಿಯ ಹಿಂದೆ, ಗಾಜಿನ ಮೇಲ್ಭಾಗಕ್ಕೆ ಒಯ್ಯಬೇಕು. ಪರದೆ ಒಂದು ನಿಮಿಷದಲ್ಲಿ ತಾನಾಗಿ ಆರುವಂತೆ ಮಾಡಿ, ಬಳಸದ ವೈಫೈ ನಿಲ್ಲಿಸಬೇಕು. 4ಕೆ ಬದಲು 1440ಪಿ ಇಟ್ಟರೆ ಚಿಪ್ಪಿನ ದುಡಿಮೆಯೂ ಬಿಸಿಯೂ ಕಡಿಮೆಯಾಗುತ್ತವೆ. ಬಿಸಿಲಲ್ಲಿ ನಿಂತಿದ್ದ ಕಾರಿಗೆ ಹತ್ತಿದ ಕೂಡಲೇ ಕಿಟಕಿ ತೆರೆದು ಬಿಸಿಗಾಳಿ ಹೊರಹೋದ ಮೇಲೆ ಕ್ಯಾಮೆರಾ ಚಾಲೂ ಮಾಡುವುದು ಒಳ್ಳೆಯದು. ಬೇಸಿಗೆಯಲ್ಲಿ ಕಾರು ನಿಂತಾಗಿನ ರೆಕಾರ್ಡಿಂಗನ್ನು ಹಗಲು ಹೊತ್ತು ಬಿಟ್ಟುಬಿಡುವುದೇ ಲೇಸು.

ಮೂರನೆಯದು ಕಾರ್ಡ್, ಮತ್ತು ಜನ ಅತಿ ಕಡಿಮೆ ಅರ್ಥಮಾಡಿಕೊಂಡಿರುವುದು ಇದನ್ನೇ. ಮೊಬೈಲಿನಲ್ಲಿ ಕಾರ್ಡಿಗೆ ಫೋಟೊ ಬರೆದು ವರ್ಷಗಟ್ಟಲೆ ಹಾಗೇ ಇಡುತ್ತಾರೆ. ಡ್ಯಾಶ್‌ಕ್ಯಾಮಿನಲ್ಲಿ ಅದು ಶಾಲೆಯ ಸ್ಲೇಟಿನಂತೆ, ದಿನವೂ ಅಳಿಸಿ ಬರೆಯುವಂಥದು. ಒಳಗಿನ ಫ್ಲ್ಯಾಷ್ ಮೆಮೊರಿಯ ಪ್ರತಿ ಕೋಶವೂ ಅಳಿಸಿ ಬರೆದಾಗಲೆಲ್ಲ ಸ್ವಲ್ಪ ಸವೆಯುತ್ತದೆ. ಸಾಮಾನ್ಯ ಕಾರ್ಡುಗಳಲ್ಲಿ ಹೆಚ್ಚಾಗಿ ಬಳಸುವ, ಕೋಶವೊಂದಕ್ಕೆ ಮೂರು ಬಿಟ್ ತುಂಬುವ ಬಗೆಯ ಮೆಮೊರಿ ಕೆಲವು ನೂರರಿಂದ ಸಾವಿರದಷ್ಟು ಸಲ ಹೀಗೆ ಬರೆಸಿಕೊಳ್ಳಬಲ್ಲದು. ಬಿಸಿ ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಕಾರ್ಡುಗಳು 85 ಡಿಗ್ರಿಯವರೆಗೆ ತಾಳುತ್ತವೆಂದು ಬರೆದಿದ್ದರೂ, ಸವೆದ ಕೋಶದಲ್ಲಿ ಹಿಡಿದಿಟ್ಟ ವಿದ್ಯುತ್ ಕಣಗಳು ಬಿಸಿಯಲ್ಲಿ ಬೇಗ ಸೋರುತ್ತವೆ.

ಸಾಯುತ್ತಿರುವ ಕಾರ್ಡ್ ಒಮ್ಮೆಗೇ ಸಾಯುವುದಿಲ್ಲ. ಮೊದಲು ನಿಧಾನವಾಗುತ್ತದೆ. ಕೆಟ್ಟ ಕೋಶಗಳಿಂದ ಒಳ್ಳೆಯವಕ್ಕೆ ಮಾಹಿತಿ ಸಾಗಿಸುತ್ತ ಅದು ಆಗಾಗ ಕ್ಷಣಕಾಲ ತಡೆದು ನಿಲ್ಲುತ್ತದೆ. ಕ್ಯಾಮೆರಾದ ತಾತ್ಕಾಲಿಕ ಮೆಮೊರಿ ಚಿಕ್ಕದು; ಅದು ತುಂಬಿತುಳುಕಿದಾಗ ಕ್ಯಾಮೆರಾ ರೆಕಾರ್ಡಿಂಗ್ ನಿಲ್ಲಿಸುತ್ತದೆ ಅಥವಾ ಗೊಂದಲಗೊಂಡು ರೀಸ್ಟಾರ್ಟ್ ಆಗುತ್ತದೆ. ಆಮೇಲೆ ಪರದೆಯಲ್ಲಿ Card Error ಎಂದು ಬರತೊಡಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಂದೆರಡು ದಿನ ಸರಿಹೋದಂತೆ ಕಾಣುತ್ತದೆ. ಕೊನೆಯ ಹಂತದಲ್ಲಿ ಕೆಲವು ಕಾರ್ಡುಗಳು ಬರೆಸಿಕೊಳ್ಳುವುದನ್ನೇ ನಿಲ್ಲಿಸಿ ಓದಲಿಕ್ಕೆ ಮಾತ್ರ ಸಿಗುತ್ತವೆ. ಆಗ ಫಾರ್ಮ್ಯಾಟ್ ಯಶಸ್ವಿಯಾಯಿತು ಎಂದು ತೋರಿಸಿದರೂ ಕಾರ್ಡ್ ತೆಗೆದು ಮತ್ತೆ ಹಾಕಿದಾಗ ಹಳೆಯ ಕಡತಗಳೆಲ್ಲ ಹಾಗೇ ಇರುತ್ತವೆ. ಇದಕ್ಕಿಂತ ಖಚಿತ ಲಕ್ಷಣ ಇನ್ನಿಲ್ಲ. ಅಂಥ ಕಾರ್ಡಿಗೆ ಯಾವ ಚಿಕಿತ್ಸೆಯೂ ಇಲ್ಲ.

ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ ವೇಗವನ್ನು ನೋಡಿ ಕೊಳ್ಳುವುದು ಇಲ್ಲಿ ಪ್ರಯೋಜನಕ್ಕೆ ಬಾರದು. ವಿ30 ಗುರುತಿನ ಕಾರ್ಡ್ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ ಕೊಡುತ್ತದೆ. 4ಕೆ ಕ್ಯಾಮೆರಾಕ್ಕೆ ಬೇಕಾದದ್ದು ಸೆಕೆಂಡಿಗೆ ಏಳೆಂಟು ಮೆಗಾಬೈಟ್. ವೇಗಕ್ಕೂ ಬಾಳಿಕೆಗೂ ಸಂಬಂಧವಿಲ್ಲ. ನೋಡಬೇಕಾದ್ದು ‘ಹೈ ಎಂಡ್ಯೂರೆನ್ಸ್’ ಎಂಬ ಗುರುತನ್ನು ಮತ್ತು ಎಷ್ಟು ಗಂಟೆಗಳ ರೆಕಾರ್ಡಿಂಗಿಗೆ ಭರವಸೆ ಇದೆ ಎಂಬುದನ್ನು. ಅಂಥ ಕಾರ್ಡುಗಳಿಗೆ ತಯಾರಕರು ಸೆಕೆಂಡಿಗೆ 26 ಮೆಗಾಬಿಟ್ ದರದ ಫುಲ್ ಎಚ್‌ಡಿ ವಿಡಿಯೊವನ್ನು ಲೆಕ್ಕಕ್ಕೆ ಹಿಡಿದು ಗಂಟೆಗಳನ್ನು ಹೇಳುತ್ತಾರೆ. 128 ಜಿಬಿಯ ಒಂದು ಕಾರ್ಡಿಗೆ 10,000 ಗಂಟೆ ಎಂದಿರಬಹುದು, ಇನ್ನೂ ಮೇಲ್ದರ್ಜೆಯದಕ್ಕೆ 70,000 ಎಂದೂ ಇರಬಹುದು. ಕ್ಯಾಮೆರಾ ಅದಕ್ಕಿಂತ ಹೆಚ್ಚಿನ ದರದಲ್ಲಿ ಬರೆದರೆ ಗಂಟೆಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ. ಸಾಮಾನ್ಯ ಕಾರ್ಡುಗಳ ವಾರಂಟಿಯಲ್ಲಿ ಡ್ಯಾಶ್‌ಕ್ಯಾಮ್ ಮತ್ತು ಸಿಸಿಟಿವಿ ಬಳಕೆಯನ್ನು ಹಲವು ತಯಾರಕರು ಸ್ಪಷ್ಟವಾಗಿ ಹೊರಗಿಡುತ್ತಾರೆ.

ನಕಲಿ ಕಾರ್ಡುಗಳ ಕಾಟ ಪ್ರತ್ಯೇಕ. ಮೇಲೆ 128 ಜಿಬಿ ಎಂದಿದ್ದು ಒಳಗೆ 16 ಜಿಬಿಯಷ್ಟೇ ಇರುವ ಕಾರ್ಡುಗಳು ಮಾರಾಟವಾಗುತ್ತವೆ. ಅವುಗಳಲ್ಲಿ ಮೊದಲ ಒಂದೆರಡು ಗಂಟೆಯ ದೃಶ್ಯಗಳು ಸರಿಯಿದ್ದು ಆಮೇಲಿನವು ತೆರೆಯುವುದಿಲ್ಲ. ಹೊಸ ಕಾರ್ಡ್ ಕೊಂಡ ದಿನವೇ H2testw ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಬರೆಸಿ ಓದಿಸಿದರೆ ನಿಜ ಗೊತ್ತಾಗುತ್ತದೆ. ದೊಡ್ಡ ಕಾರ್ಡಿಗೆ ಇದು ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಆ ಕಾಯುವಿಕೆ ವ್ಯರ್ಥವಲ್ಲ. ಹಳೆಯ ಕಾರ್ಡಿನ ಆರೋಗ್ಯ ನೋಡಲೂ ಇದೇ ಪರೀಕ್ಷೆ ಸಾಕು. ಮೊದಲು ಬೇಕಾದ ದೃಶ್ಯಗಳನ್ನು ಬೇರೆ ಕಡೆ ಉಳಿಸಿಕೊಂಡು ಕಾರ್ಡ್ ಖಾಲಿ ಮಾಡಿರಬೇಕು.

ಕಾರ್ಡ್ ಸರಿಯಿದ್ದೂ ರೆಕಾರ್ಡಿಂಗ್ ನಿಲ್ಲುವ ಒಂದು ಸಂದರ್ಭವನ್ನು ಇಲ್ಲೇ ಹೇಳಬೇಕು, ಏಕೆಂದರೆ ನಮ್ಮ ರಸ್ತೆಗಳಲ್ಲಿ ಅದು ಪದೇಪದೇ ಆಗುತ್ತದೆ. ಜಿ-ಸೆನ್ಸರಿನ ಸೂಕ್ಷ್ಮತೆಯನ್ನು ಹೆಚ್ಚಿಗೆ ಇಟ್ಟಿದ್ದರೆ ಪ್ರತಿ ಹಂಪು, ಪ್ರತಿ ಗುಂಡಿಯೂ ಅದಕ್ಕೆ ಡಿಕ್ಕಿಯೇ. ಬೀಗ ಬಿದ್ದ ಕಡತಗಳು ಅಳಿಯುವುದಿಲ್ಲ. ಕೆಲವು ಮಾದರಿಗಳಲ್ಲಿ ಕೆಲವೇ ವಾರಗಳಲ್ಲಿ ಕಾರ್ಡಿನ ತುಂಬ ಅವೇ ಕುಳಿತು ಲೂಪಿಗೆ ಜಾಗವೇ ಉಳಿಯುವುದಿಲ್ಲ. ಸೂಕ್ಷ್ಮತೆಯನ್ನು ಕಡಿಮೆಗೆ ಇಳಿಸಿ, ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದರೆ ಈ ತೊಂದರೆ ಮುಗಿಯುತ್ತದೆ. ಲೂಪ್ ರೆಕಾರ್ಡಿಂಗ್ ಆಫ್ ಆಗಿದೆಯೇ, ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆ ಆನ್ ಆಗಿದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಬಹುದು.

ಇವೆಲ್ಲ ಒಟ್ಟಾಗಿ ಹೇಗೆ ಕಾಣುತ್ತವೆ ಎಂಬುದಕ್ಕೆ ರಾಯಚೂರಿನ ಸುತ್ತಮುತ್ತ ಓಡುವ ಒಂದು ಟ್ಯಾಕ್ಸಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಮುಂದೊಂದು, ಹಿಂದೊಂದು ಲೆನ್ಸಿರುವ ಕ್ಯಾಮೆರಾ, 64 ಜಿಬಿಯ ಸಾಮಾನ್ಯ ಕಾರ್ಡ್, ದಿನಕ್ಕೆ ಹತ್ತು ಗಂಟೆ ಓಡಾಟ. ದೂರು ಇಷ್ಟೇ: ಆಗಾಗ ರೀಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ನಿಂತೇ ಹೋಗುತ್ತದೆ. ಕಾರ್ಡ್ ತೆಗೆದು ನೋಡಿದರೆ ಮುಂದಿನ ಲೆನ್ಸಿನ ಮೂರು ನಿಮಿಷದ ಕಡತಗಳು ಸುಮಾರು 450 ಮೆಗಾಬೈಟಿನವು. ಬೆಳಿಗ್ಗೆ ಹೆದ್ದಾರಿಯಲ್ಲಿ ಓಡಿದ ಎರಡು ಗಂಟೆಯವು ಸರಿಯಾಗಿವೆ. ಹಳ್ಳಿಯ ದಾರಿಗೆ ಇಳಿದ ಮೇಲೆ 50, 80 ಮೆಗಾಬೈಟಿನ ಕುಳ್ಳ ಕಡತಗಳು ಶುರುವಾಗಿವೆ. ಮಧ್ಯಾಹ್ನ ಒಂದು ಗಂಟೆಯಿಂದ ನಾಲ್ಕರವರೆಗೆ ಏನೂ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ಗುರುತುಗಳಿರುವುದರಿಂದ ಎರಡು ಬೇರೆ ಬೇರೆ ತಪ್ಪುಗಳಿರಬೇಕು ಎಂದು ಹಿಡಿಯುವುದು ಸರಿ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಪರೀಕ್ಷೆಯ ನಿಯಮ. ಮೊದಲ ದಿನ ಕಾರಿನ ಚಾರ್ಜರ್ ಮತ್ತು ಉದ್ದ ವೈರನ್ನು ಬಿಟ್ಟು, ಗಿಡ್ಡ ಕೇಬಲ್ಲಿನಿಂದ ಪವರ್ ಬ್ಯಾಂಕಿಗೆ ಕ್ಯಾಮೆರಾ ಜೋಡಿಸಲಾಯಿತು ಎನ್ನೋಣ. (ಪವರ್ ಬ್ಯಾಂಕನ್ನು ಬಿಸಿಲು ಬೀಳದಲ್ಲಿ ಇಡಬೇಕು, ಕಾರಿನಲ್ಲೇ ಬಿಟ್ಟು ಹೋಗಬಾರದು.) ಅದೇ ಹಳ್ಳಿ ದಾರಿಯಲ್ಲಿ ಕುಳ್ಳ ಕಡತಗಳು ಮಾಯವಾದವು. ಅಂದರೆ ತಪ್ಪು ಸಾಕೆಟ್ಟು, ಚಾರ್ಜರ್ ಅಥವಾ ವೈರಿನಲ್ಲಿ. ಪ್ಲಗ್ಗಿನ ತುದಿ ಕಪ್ಪಾಗಿತ್ತು, ಟೆಸ್ಟರ್ ಕ್ಯಾಮೆರಾದ ತುದಿಯಲ್ಲಿ 4.3 ವೋಲ್ಟ್ ತೋರಿಸಿತು. ದಪ್ಪ ವೈರಿನ, ಬಿಗಿಯಾಗಿ ಕೂರುವ ಚಾರ್ಜರ್ ಹಾಕಿದ ಮೇಲೆ 4.8ಕ್ಕೆ ಏರಿತು. ಆದರೆ ಮಧ್ಯಾಹ್ನದ ಮೌನ ಹಾಗೇ ಉಳಿಯಿತು. ರಾತ್ರಿ ಎಂಟರ ನಂತರ ಓಡಿಸಿದಾಗ ಎರಡು ಗಂಟೆಯೂ ನಿಲ್ಲಲಿಲ್ಲ. ಹಾಗಾಗಿ ಎರಡನೆಯ ತಪ್ಪು ಬಿಸಿಯದು. ಕ್ಯಾಮೆರಾ ಕನ್ನಡಿಯ ಹಿಂದಕ್ಕೆ ಹೋಯಿತು, ಪರದೆಯೂ ವೈಫೈಯೂ ಆರಿದವು, ಮಧ್ಯಾಹ್ನದ ದೃಶ್ಯಗಳು ಬರತೊಡಗಿದವು.

ಇಷ್ಟಾದ ಮೇಲೂ ಪಟ್ಟಿಯಲ್ಲಿ ಅಲ್ಲಲ್ಲಿ ಒಂದೊಂದು ಕಡತ ಕಾಣೆಯಾಗಿ, ಆಚೀಚೆಯವು ಪೂರ್ಣವಾಗಿದ್ದರೆ ಕಾರ್ಡಿನ ಲೆಕ್ಕ ಮಾಡಿ ನೋಡಬೇಕು. ಎರಡೂ ಲೆನ್ಸುಗಳು ಸೇರಿ ಸೆಕೆಂಡಿಗೆ 30 ಮೆಗಾಬಿಟ್ ಬರೆಯುತ್ತವೆ, ಅಂದರೆ ಗಂಟೆಗೆ 13.5 ಜಿಬಿ. ಹತ್ತು ಗಂಟೆಗೆ 135 ಜಿಬಿ. 64 ಜಿಬಿಯ ಕಾರ್ಡ್ ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಪೂರ್ತಿ ಅಳಿದು ಬರೆದಂತಾಯಿತು. ವರ್ಷಕ್ಕೆ ಮುನ್ನೂರು ದಿನ ಓಡಿದರೆ ಆರುನೂರಕ್ಕೂ ಹೆಚ್ಚು ಸಲ. ಸಾಮಾನ್ಯ ಕಾರ್ಡಿನ ಆಯುಷ್ಯ ಒಂದು ವರ್ಷ, ಒಂದೂವರೆ ವರ್ಷದಲ್ಲಿ ಮುಗಿಯಬಹುದು ಎಂಬುದು ಇದರಿಂದ ತಿಳಿಯುತ್ತದೆ. 10,000 ಗಂಟೆಯ ಭರವಸೆಯುಳ್ಳ 128 ಜಿಬಿಯ ಕಾರ್ಡ್ ಹಾಕಿದರೆ ಒಟ್ಟು 117 ಟೆರಾಬೈಟ್ ಬರೆಸಿಕೊಳ್ಳುತ್ತದೆ. ಈ ಟ್ಯಾಕ್ಸಿ ವರ್ಷಕ್ಕೆ ಬರೆಯುವುದು ಸುಮಾರು 40 ಟೆರಾಬೈಟ್. ಹೆಚ್ಚುಕಡಿಮೆ ಮೂರು ವರ್ಷ ನಿಶ್ಚಿಂತೆ. ದಿನಕ್ಕೆ ಒಂದೂವರೆ ಗಂಟೆ ಓಡುವ ಮನೆಯ ಕಾರಿನಲ್ಲಿ ಇದೇ ಕ್ಯಾಮೆರಾ ಬರೆಯುವುದು ಇದರ ಏಳನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿ ಸಾಮಾನ್ಯ ಕಾರ್ಡೂ ಹಲವು ವರ್ಷ ಬಾಳಬಹುದು. ಆದ್ದರಿಂದ ಕಾರ್ಡ್ ಎಷ್ಟು ಹಳೆಯದು ಎಂದು ಕೇಳುವುದಕ್ಕಿಂತ ಅದು ಎಷ್ಟು ಗಂಟೆ ದುಡಿದಿದೆ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಕ್ಯಾಮೆರಾವನ್ನೇ ದೂರಬೇಕಾದ ಸಂದರ್ಭವೂ ಇದೆ, ಅದನ್ನು ಖಚಿತಪಡಿಸಿಕೊಳ್ಳುವುದು ಮನೆಯೊಳಗೆ. ಕಾರ್ಡ್ ತೆಗೆದು, ಮೊಬೈಲಿನ 5 ವೋಲ್ಟ್, 2 ಆಂಪಿಯರ್ ಚಾರ್ಜರಿಗೆ ಗಿಡ್ಡ ಕೇಬಲ್ಲಿನಿಂದ ಜೋಡಿಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಡಬೇಕು. ಕಾರ್ಡಿಲ್ಲದೆ, ತಂಪಿನಲ್ಲಿ, ಒಳ್ಳೆಯ ಕರೆಂಟಿನಲ್ಲೂ ಅದು ರೀಸ್ಟಾರ್ಟ್ ಆಗುತ್ತಿದ್ದರೆ ತಪ್ಪು ಅದರೊಳಗೇ ಇದೆ: ಸತ್ತ ಬ್ಯಾಟರಿ, ಸಡಿಲವಾದ ಚಾರ್ಜಿಂಗ್ ಕಿಂಡಿ ಅಥವಾ ಕೆಟ್ಟ ಫರ್ಮ್‌ವೇರ್. ಸೆಟ್ಟಿಂಗ್ಸನ್ನು ಮೂಲಸ್ಥಿತಿಗೆ ತಂದು, ತಯಾರಕರ ಹೊಸ ಫರ್ಮ್‌ವೇರ್ ಹಾಕಿಯೂ ಸರಿಹೋಗದಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಕಾರ್ಡಿಲ್ಲದೆ ಸುಮ್ಮನಿದ್ದು ಕಾರ್ಡ್ ಹಾಕಿದೊಡನೆ ತೊಂದರೆ ಕೊಟ್ಟರೆ ಬದಲಿಸಬೇಕಾದದ್ದು ಕಾರ್ಡ್ ಮಾತ್ರ.

ಖರ್ಚಿನ ಕ್ರಮವೂ ಇದೇ ಇರಬೇಕು. ಸಾಕೆಟ್ಟು ಮತ್ತು ಪ್ಲಗ್ಗು ಒರೆಸುವುದಕ್ಕೆ ದುಡ್ಡು ಬೇಡ, ಜಾಗ ಬದಲಿಸುವುದಕ್ಕೂ ಬೇಡ. ಅದಾದ ಮೇಲೆ ವೈರು ಮತ್ತು ಚಾರ್ಜರ್, ನಂತರ ಕಾರ್ಡ್, ಎಲ್ಲಕ್ಕೂ ಕೊನೆಗೆ ಕ್ಯಾಮೆರಾ. ದುರಸ್ತಿ ಮುಗಿದು ಒಂದು ವಾರವಾದ ಮೇಲೆ ಕಾರ್ಡನ್ನು ಮತ್ತೊಮ್ಮೆ ಕಂಪ್ಯೂಟರಿಗೆ ಹಾಕಿ, ತಾರೀಖು ಸರಿಯಿದೆಯೇ, ಪ್ರತಿ ಪ್ರಯಾಣದ ಕೊನೆಯ ಕಡತ ತೆರೆಯುತ್ತದೆಯೇ ಎಂದು ನೋಡಿ. ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡುವ ದಿನ ಇದನ್ನೂ ಸೇರಿಸಿಕೊಂಡರೆ ಹತ್ತು ನಿಮಿಷದ ಕೆಲಸ.